ಬಂಪರಿನ ಬಿಲ್ಲು ಮತ್ತು ಐದು ವರ್ಷಗಳ ರಿಯಾಯಿತಿ

(ಉಪನ್ಯಾಸದ ಬರಹ ರೂಪ)

ಕಾರನ್ನು ಹಿಂದಕ್ಕೆ ತೆಗೆಯುವಾಗ ಹಿಂಬದಿಯ ಬಂಪರು ಕಂಬಕ್ಕೆ ತಗುಲಿ ಸೀಳಿದೆ. ಯಾರಿಗೂ ಪೆಟ್ಟಾಗಿಲ್ಲ, ಬೇರೆಯವರ ವಾಹನಕ್ಕೂ ಏನೂ ಆಗಿಲ್ಲ. ಗ್ಯಾರೇಜಿನವರು ಬಂಪರು ಬದಲಿಸಿ ಬಣ್ಣ ಹೊಡೆಯಲು ತಗಲುವ ವೆಚ್ಚವನ್ನು ಬರೆದುಕೊಟ್ಟು, ಅದರ ಜೊತೆಗೇ ಒಂದು ಪ್ರಶ್ನೆಯನ್ನೂ ಕೇಳುತ್ತಾರೆ: ‘ಇನ್ಶೂರೆನ್ಸ್‌ನಲ್ಲಿ ಹಾಕೋಣವೇ, ಕ್ಯಾಶ್ ಕೊಡುತ್ತೀರಾ?’ ಈ ಪ್ರಶ್ನೆಗೆ ನಮ್ಮಲ್ಲಿ ಹೆಚ್ಚಿನವರು ಅಲ್ಲಿಯೇ ನಿಂತು, ಮನಸ್ಸಿಗೆ ತೋಚಿದಂತೆ ಉತ್ತರ ಕೊಟ್ಟುಬಿಡುತ್ತೇವೆ. ‘ವರ್ಷ ವರ್ಷ ಪ್ರೀಮಿಯಂ ಕಟ್ಟುವುದು ಇದಕ್ಕೇ ಅಲ್ಲವೇ’ ಎನ್ನುವವರು ಒಂದು ಕಡೆಯಾದರೆ, ‘ಬೋನಸ್ ಹೋಗುತ್ತದೆ, ಬೇಡ’ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಲೆಕ್ಕ ಹಾಕಿರುವುದಿಲ್ಲ. ಆ ಲೆಕ್ಕವನ್ನು ಒಂದೇ ಒಂದು ಉದಾಹರಣೆಯನ್ನು ಹಿಡಿದು, ಅದರ ತುದಿಯವರೆಗೂ ಹೋಗಿ ನೋಡುವುದಷ್ಟೇ ಈ ಮಾತಿನ ಉದ್ದೇಶ.

ಮೊದಲಿಗೆ ಒಂದು ಎಲ್ಲೆಯನ್ನು ಹಾಕಿಕೊಳ್ಳಬೇಕು. ಅಪಘಾತದಲ್ಲಿ ಇನ್ನೊಬ್ಬರಿಗೆ ಗಾಯವಾಗಿದ್ದರೆ, ಅಥವಾ ಇನ್ನೊಬ್ಬರ ಆಸ್ತಿಗೆ ಹಾನಿಯಾಗಿದ್ದರೆ, ಅದು ಈ ಲೆಕ್ಕದ ವಿಷಯವೇ ಅಲ್ಲ. ಅಂಥ ಸಂದರ್ಭದಲ್ಲಿ ಕಂಪನಿಗೆ ತಿಳಿಸಲೇಬೇಕು, ಏಕೆಂದರೆ ಅವರ ಕಡೆಯಿಂದ ಬರಬಹುದಾದ ಬೇಡಿಕೆ ಎಷ್ಟು ದೊಡ್ಡದೆಂದು ಆ ದಿನ ಯಾರಿಗೂ ಗೊತ್ತಿರುವುದಿಲ್ಲ. ನಾನು ಹೇಳುತ್ತಿರುವುದು ನಮ್ಮ ಕಾರಿಗೆ ಮಾತ್ರ ಆದ, ಮೊತ್ತ ನಿಶ್ಚಿತವಾಗಿ ತಿಳಿದಿರುವ, ಸಣ್ಣ ದುರಸ್ತಿಯ ಬಗ್ಗೆ.

ಹಣದ ಅಂಕಿಗಳನ್ನು ನಾನು ಯಾವುದೇ ನಾಣ್ಯದಲ್ಲಿ ಹೇಳುವುದಿಲ್ಲ. ನಿಮ್ಮ ಕಾರಿನ ಸ್ವಂತ ಹಾನಿಯ ಭಾಗಕ್ಕೆ, ರಿಯಾಯಿತಿ ಕಳೆಯುವುದಕ್ಕೆ ಮುಂಚೆ, ಒಂದು ವರ್ಷಕ್ಕೆ ಬರುವ ಪ್ರೀಮಿಯಂ 100 ಪಾಲು ಎಂದಿಟ್ಟುಕೊಳ್ಳಿ. ಉಳಿದದ್ದನ್ನೆಲ್ಲ ಈ ಪಾಲುಗಳಲ್ಲೇ ಅಳೆಯೋಣ. ಮನೆಗೆ ಹೋದ ಮೇಲೆ ನಿಮ್ಮ ಪಾಲಿಸಿಯನ್ನು ತೆಗೆದು, ಆ 100ರ ಜಾಗದಲ್ಲಿ ನಿಮ್ಮ ಅಂಕಿಯನ್ನು ಇಟ್ಟರೆ ಲೆಕ್ಕ ನಿಮ್ಮದಾಗುತ್ತದೆ. ಇಲ್ಲಿ ‘ಸ್ವಂತ ಹಾನಿಯ ಭಾಗ’ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಭಾರತದಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದವರಿಗೆ ನವೀಕರಣದಲ್ಲಿ ಕೊಡುವ ರಿಯಾಯಿತಿ, ದೊರೆಯುವುದು ಓನ್ ಡ್ಯಾಮೇಜ್ ಎಂಬ ಆ ಭಾಗದ ಮೇಲೆ ಮಾತ್ರ. ಥರ್ಡ್ ಪಾರ್ಟಿ ಪ್ರೀಮಿಯಂನ ಮೇಲೆ ಅದು ಸಿಗುವುದಿಲ್ಲ. ಪಾಲಿಸಿಯ ಕೊನೆಯಲ್ಲಿರುವ ಒಟ್ಟು ಮೊತ್ತವನ್ನು ನೋಡಿ, ಅದರ ಅರ್ಧ ಹೋಗಿಬಿಡುತ್ತದೆಂದು ಹೆದರುವವರನ್ನು ನಾನು ಬಹಳ ಕಂಡಿದ್ದೇನೆ. ಥರ್ಡ್ ಪಾರ್ಟಿ ಭಾಗ ದೊಡ್ಡದಾಗಿರುವ ಹಳೆಯ ಕಾರಿನಲ್ಲಿ, ಆ ಹೆದರಿಕೆ ನಿಜವಾದ ನಷ್ಟದ ಎರಡರಷ್ಟಾದರೂ ಇರುತ್ತದೆ.

ಈಗ ರಿಯಾಯಿತಿಯ ಏಣಿಯನ್ನು ನೋಡೋಣ. ಭಾರತದ ಏಣಿಗೆ ಐದು ಮೆಟ್ಟಿಲುಗಳಿವೆ. ಕ್ಲೇಮಿಲ್ಲದ ಒಂದು ವರ್ಷ ಕಳೆದರೆ ಶೇಕಡಾ 20, ಸತತ ಎರಡು ವರ್ಷವಾದರೆ 25, ಮೂರಾದರೆ 35, ನಾಲ್ಕಾದರೆ 45, ಐದಾದರೆ 50. ಅಲ್ಲಿಂದ ಮೇಲೆ ಮೆಟ್ಟಿಲಿಲ್ಲ. ಎಷ್ಟು ವರ್ಷ ಕ್ಲೇಮು ಮಾಡದಿದ್ದರೂ 50ರಲ್ಲಿಯೇ ನಿಲ್ಲುತ್ತೀರಿ. ಕ್ಲೇಮು ಒಂದೇ ಒಂದಾದರೂ, ನೀವು ಯಾವ ಮೆಟ್ಟಿಲಲ್ಲಿದ್ದರೂ, ಮುಂದಿನ ನವೀಕರಣದಲ್ಲಿ ನೇರವಾಗಿ ನೆಲಕ್ಕೆ, ಅಂದರೆ ಸೊನ್ನೆಗೆ ಬರುತ್ತೀರಿ. ಕ್ಲೇಮಿನ ಮೊತ್ತ ಚಿಕ್ಕದೋ ದೊಡ್ಡದೋ ಎಂಬುದನ್ನು ಏಣಿ ಕೇಳುವುದಿಲ್ಲ, ತಪ್ಪು ಯಾರದೆಂದೂ ಕೇಳುವುದಿಲ್ಲ. ನಿಲ್ಲಿಸಿದ್ದ ನಿಮ್ಮ ಕಾರಿಗೆ ಯಾರೋ ಗುದ್ದಿ ಓಡಿಹೋದರೂ, ದುರಸ್ತಿಯ ಹಣವನ್ನು ನಿಮ್ಮ ಪಾಲಿಸಿಯಿಂದ ಪಡೆದರೆ ಬೋನಸ್ ಹೋಗುತ್ತದೆ. ಅದರ ಹೆಸರೇ ಕ್ಲೇಮಿಲ್ಲದ್ದಕ್ಕೆ ಕೊಡುವ ಬೋನಸ್, ತಪ್ಪಿಲ್ಲದ್ದಕ್ಕೆ ಕೊಡುವುದಲ್ಲ. ಈ ಒಂದು ಸಂಗತಿ ತಿಳಿಯದೆ ಗ್ಯಾರೇಜಿನ ಕೌಂಟರಿನಲ್ಲಿ ಎಷ್ಟೋ ವಾದಗಳು ನಡೆಯುತ್ತವೆ.

ನಮ್ಮ ಉದಾಹರಣೆಯ ಕಾರಿನವರು ಈಗ 35ರ ಮೆಟ್ಟಿಲಲ್ಲಿದ್ದಾರೆ, ಅಂದರೆ ಚಾಲ್ತಿಯಲ್ಲಿರುವ ಪಾಲಿಸಿಯನ್ನು ಶೇಕಡಾ 35ರ ರಿಯಾಯಿತಿಯಲ್ಲಿ ಪಡೆದಿದ್ದಾರೆ. ನವೀಕರಣಕ್ಕೆ ಇನ್ನು ನಾಲ್ಕು ತಿಂಗಳಿದೆ. ಗ್ಯಾರೇಜಿನ ಬಿಲ್ಲು 60 ಪಾಲು. ಅದರಲ್ಲಿ ಪ್ಲಾಸ್ಟಿಕ್ ಬಂಪರಿಗೆ 30, ಬಣ್ಣದ ಕೆಲಸಕ್ಕೆ 16, ಬಿಚ್ಚಿ ಜೋಡಿಸುವ ಕೂಲಿಗೆ 14. ಇವರ ಪಾಲಿಸಿ ಸಾಮಾನ್ಯವಾದದ್ದು. ಸವಕಳಿಯನ್ನು ಮನ್ನಾ ಮಾಡುವ, ಜನ ಝೀರೋ ಡೆಪ್ ಎಂದು ಕರೆಯುವ ಹೆಚ್ಚುವರಿ ರಕ್ಷಣೆಯನ್ನು ಇವರು ತೆಗೆದುಕೊಂಡಿಲ್ಲ.

ತಕ್ಕಡಿಯ ಒಂದು ತಟ್ಟೆಯಲ್ಲಿ ಕಂಪನಿಯಿಂದ ಬರುವ ಹಣವನ್ನು ಇಡಬೇಕು. ಅದು 60 ಅಲ್ಲ. ಬಿಲ್ಲಿನ ಮೊತ್ತವನ್ನೇ ಬರುವ ಹಣವೆಂದು ಭಾವಿಸುವುದು ಈ ಲೆಕ್ಕದಲ್ಲಿ ನಡೆಯುವ ಮೊದಲನೆಯ ತಪ್ಪು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ ಅರ್ಧ ಬೆಲೆಯನ್ನು ಸವಕಳಿಯೆಂದು ಕಳೆಯುತ್ತಾರೆ. ಆದ್ದರಿಂದ ಬಂಪರಿಗೆ 15 ಮಾತ್ರ ಸಿಗುತ್ತದೆ. ಬಣ್ಣದ ಕೆಲಸದ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿಯ ಬೆಲೆಯೆಂದು ಎಣಿಸಿ, ಅದರ ಅರ್ಧವನ್ನು ಕಳೆಯುವುದು ಪದ್ಧತಿ; 16ರಲ್ಲಿ 4 ಸಾಮಗ್ರಿ, ಅದರ ಅರ್ಧವಾದ 2 ಹೋಗಿ 14 ಉಳಿಯಿತು. ಕೂಲಿಗೆ ಸವಕಳಿಯಿಲ್ಲವಾದ್ದರಿಂದ 14 ಪೂರ್ತಿ ಬರುತ್ತದೆ. ಎಲ್ಲವನ್ನೂ ಕೂಡಿಸಿದರೆ 43. ಇದರಿಂದ ಕಡ್ಡಾಯ ಕಡಿತವನ್ನು, ಅಂದರೆ ಪ್ರತಿ ಕ್ಲೇಮಿನಲ್ಲೂ ಮಾಲೀಕರೇ ಹೊರಬೇಕಾದ ನಿಗದಿತ ಮೊತ್ತವನ್ನು ಕಳೆಯಬೇಕು. ಅದನ್ನು 10 ಪಾಲು ಎನ್ನೋಣ. ಕೊನೆಗೆ ಕಂಪನಿ ಕೊಡುವುದು 33. ಉಳಿದ 27ನ್ನು ಕ್ಲೇಮು ಮಾಡಿದರೂ ಕೈಯಿಂದಲೇ ಕೊಡಬೇಕು. ಹಾಗಾಗಿ ನಮ್ಮ ಮುಂದಿರುವ ಪ್ರಶ್ನೆ 60 ಪಾಲಿನದಲ್ಲ, ಈ 33 ಪಾಲಿನದು.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಹೋಗುವ ರಿಯಾಯಿತಿಯನ್ನು ಇಡಬೇಕು. ಇಲ್ಲಿ ಎರಡು ತಪ್ಪುಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತವೆ. ಕೆಲವರು, ತಾವೀಗ 35ರಲ್ಲಿರುವುದರಿಂದ ಕಳೆದುಕೊಳ್ಳುವುದು 35 ಎನ್ನುತ್ತಾರೆ. ಅದು ಕಡಿಮೆಯಾಯಿತು. ಕ್ಲೇಮು ಮಾಡದಿದ್ದರೆ ಮುಂದಿನ ವರ್ಷ ಅವರು 35ರಲ್ಲಿ ಇರುವುದಿಲ್ಲ, 45ಕ್ಕೆ ಏರಿರುತ್ತಾರೆ. ಹೋಲಿಸಬೇಕಾದದ್ದು ಈಗ ನಿಂತಿರುವ ಮೆಟ್ಟಿಲನ್ನಲ್ಲ, ಏರಬಹುದಾಗಿದ್ದ ಮೆಟ್ಟಿಲನ್ನು. ಇನ್ನು ಕೆಲವರು, ಐದು ವರ್ಷ 50ರಂತೆ 250 ಪಾಲು ಹೋಯಿತೆಂದು ದೊಡ್ಡ ಅಂಕಿಯನ್ನು ಹೇಳುತ್ತಾರೆ. ಅದು ಹೆಚ್ಚಾಯಿತು. ನೆಲಕ್ಕೆ ಬಿದ್ದವರು ಅಲ್ಲೇ ಕುಳಿತಿರುವುದಿಲ್ಲ, ಮರುವರ್ಷದಿಂದಲೇ ಏಣಿಯನ್ನು ಮತ್ತೆ ಹತ್ತತೊಡಗುತ್ತಾರೆ.

ಎರಡು ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕ್ಲೇಮು ಮಾಡದಿದ್ದರೆ ಮುಂದಿನ ಐದು ನವೀಕರಣಗಳಲ್ಲಿ ರಿಯಾಯಿತಿ ಕ್ರಮವಾಗಿ 45, 50, 50, 50, 50. ಕ್ಲೇಮು ಮಾಡಿದರೆ 0, 20, 25, 35, 45. ಆರನೆಯ ನವೀಕರಣದ ಹೊತ್ತಿಗೆ ಎರಡೂ ದಾರಿಗಳು 50ರಲ್ಲಿ ಕೂಡಿಕೊಳ್ಳುತ್ತವೆ. ಅಲ್ಲಿಂದ ಮುಂದೆ ಆ ಹಳೆಯ ಕ್ಲೇಮಿನ ನೆರಳು ಇರುವುದಿಲ್ಲ. ವರ್ಷ ವರ್ಷದ ಅಂತರ 45, 30, 25, 15, 5. ಕೂಡಿಸಿದರೆ 120 ಪಾಲು. ಇದೇ ರೀತಿಯಲ್ಲಿ ಬೇರೆ ಮೆಟ್ಟಿಲುಗಳಿಗೂ ಲೆಕ್ಕ ಹಾಕಬಹುದು. ಇನ್ನೂ ಯಾವ ರಿಯಾಯಿತಿಯೂ ಇಲ್ಲದ ಮೊದಲ ವರ್ಷದ ಮಾಲೀಕರಿಗೆ ಒಟ್ಟು ನಷ್ಟ 50, 20ರಲ್ಲಿರುವವರಿಗೆ 80, 25ರಲ್ಲಿರುವವರಿಗೆ 105, 45 ಮತ್ತು 50ರಲ್ಲಿರುವವರಿಗೆ 125. ತುದಿಯ ಮೆಟ್ಟಿಲಲ್ಲಿ ನಿಂತವರು ಒಂದು ಕ್ಲೇಮಿನಿಂದ, ಬೇರೇನೂ ಬದಲಾಗದಿದ್ದರೆ, ಹೆಚ್ಚೆಂದರೆ ಒಂದೂಕಾಲು ವರ್ಷದ ಮೂಲ ಪ್ರೀಮಿಯಂನಷ್ಟನ್ನು ಕಳೆದುಕೊಳ್ಳುತ್ತಾರೆ. ಈ ಮೇಲ್ಮಿತಿ ನೆನಪಿನಲ್ಲಿದ್ದರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ.

‘ಬೇರೇನೂ ಬದಲಾಗದಿದ್ದರೆ’ ಎಂದೆ. ಆದರೆ ಬದಲಾಗುತ್ತದೆ, ಮತ್ತು ಮುಖ್ಯವಾಗಿ ಎರಡು ರೀತಿಯಲ್ಲಿ ಬದಲಾಗುತ್ತದೆ. ಕಾರು ಹಳೆಯದಾದಂತೆ ಅದರ ವಿಮಾ ಮೌಲ್ಯ, ಪಾಲಿಸಿಯಲ್ಲಿ ಐಡಿವಿ ಎಂದು ಬರೆದಿರುವ ಅಂಕಿ, ಇಳಿಯುತ್ತದೆ. ಅದರೊಂದಿಗೆ ಸ್ವಂತ ಹಾನಿಯ ಮೂಲ ಪ್ರೀಮಿಯಂ ಕೂಡ ಸಾಮಾನ್ಯವಾಗಿ ಇಳಿಯುತ್ತದೆ. ಇವತ್ತಿನ 100 ಪಾಲು ನಾಲ್ಕು ವರ್ಷದ ನಂತರವೂ 100 ಆಗಿರುವುದಿಲ್ಲ, ಹಾಗಾಗಿ ದೂರದ ವರ್ಷಗಳ ಶೇಕಡಾವಾರು ಅಂತರ ಹಣದಲ್ಲಿ ಇನ್ನೂ ಚಿಕ್ಕದಾಗುತ್ತದೆ.

ಎರಡನೆಯ ಬದಲಾವಣೆ ಇದಕ್ಕಿಂತ ಸೂಕ್ಷ್ಮವಾದದ್ದು, ಮತ್ತು ಇದನ್ನು ಲೆಕ್ಕಕ್ಕೆ ತೆಗೆದುಕೊಂಡವರನ್ನು ನಾನು ಹೆಚ್ಚು ನೋಡಿಲ್ಲ. ಇವತ್ತು ಕೈಯಿಂದ ಹಣ ಕೊಟ್ಟು ಬೋನಸ್ ಉಳಿಸಿಕೊಂಡಿರಿ ಎನ್ನೋಣ. ಎರಡು ವರ್ಷದ ನಂತರ ದೊಡ್ಡದೊಂದು ಅಪಘಾತವಾಗಿ, ಕ್ಲೇಮು ಮಾಡದೆ ಬೇರೆ ದಾರಿಯೇ ಇಲ್ಲದಂತಾದರೆ, ನೀವು ಉಳಿಸಿಕೊಂಡಿದ್ದ ಬೋನಸ್ ಕೂಡ ಅಂದೇ ಸೊನ್ನೆಯಾಗುತ್ತದೆ. ಇವತ್ತು ಕ್ಲೇಮು ಮಾಡಿದ್ದವರೂ ಅಂದು ಸೊನ್ನೆಗೇ ಬರುತ್ತಾರೆ. ಎರಡು ದಾರಿಗಳು ಆರನೆಯ ವರ್ಷಕ್ಕೆ ಕಾಯದೆ ಅಲ್ಲಿಯೇ ಕೂಡಿಬಿಡುತ್ತವೆ. ಅಂದರೆ ನಾವು ಕೈಯಿಂದ ಕೊಡುವ ಹಣದಿಂದ ಕೊಳ್ಳುತ್ತಿರುವುದು ಮುಂದಿನ ಐದು ವರ್ಷಗಳ ರಿಯಾಯಿತಿಯನ್ನಲ್ಲ. ಮುಂದಿನ ಕ್ಲೇಮು ಬರುವವರೆಗಿನ ರಿಯಾಯಿತಿಯನ್ನು. ಆ ಕ್ಲೇಮು ಯಾವಾಗ ಬರುತ್ತದೆಂದು ಯಾರಿಗೂ ತಿಳಿಯದು, ಆದರೆ ಬರಬಹುದೆಂಬುದನ್ನು ಅಂದಾಜಿನಲ್ಲಾದರೂ ಸೇರಿಸಬೇಕು.

ಹೀಗೆ ಅಂದಾಜಿಸೋಣ. ಮೂಲ ಪ್ರೀಮಿಯಂ ವರ್ಷಕ್ಕೆ ಹತ್ತರಲ್ಲಿ ಒಂದು ಪಾಲು ಇಳಿಯುತ್ತದೆ ಎಂದೂ, ಯಾವುದೇ ವರ್ಷದಲ್ಲಿ ತಪ್ಪಿಸಲಾಗದ ಕ್ಲೇಮು ಬರುವ ಸಾಧ್ಯತೆ ಹತ್ತರಲ್ಲಿ ಒಂದು ಎಂದೂ ಇಟ್ಟುಕೊಳ್ಳಿ. ಇವು ನನ್ನ ಊಹೆಯ ಅಂಕಿಗಳು. ನಿಮ್ಮ ಓಡಾಟ ಹೆಚ್ಚಾಗಿದ್ದರೆ ಎರಡನೆಯದನ್ನು ಏರಿಸಿಕೊಳ್ಳಿ. ಮುಂದಿನ ನವೀಕರಣದ 45 ಪಾಲನ್ನು ಹಾಗೆಯೇ ಬಿಡೋಣ. ಅದರ ಮುಂದಿನ ವರ್ಷದ 30ನ್ನು ಪ್ರೀಮಿಯಂ ಇಳಿದದ್ದಕ್ಕೆ ಒಮ್ಮೆ, ಕ್ಲೇಮು ಬರಬಹುದೆಂಬುದಕ್ಕೆ ಇನ್ನೊಮ್ಮೆ, ಹತ್ತರಲ್ಲಿ ಒಂಬತ್ತಕ್ಕೆ ಇಳಿಸಿದರೆ ಸುಮಾರು 24 ಆಗುತ್ತದೆ. ಹೀಗೆಯೇ ಮುಂದುವರಿಸಿದರೆ 25 ಪಾಲು 16ಕ್ಕೂ, 15 ಪಾಲು 8ಕ್ಕೂ, 5 ಪಾಲು 2ಕ್ಕೂ ಇಳಿಯುತ್ತವೆ. 120 ಎಂದು ಕಂಡದ್ದು ಈಗ ಸುಮಾರು 95 ಪಾಲಾಯಿತು. ಈ 95ರಲ್ಲಿ ಹೆಚ್ಚುಕಡಿಮೆ ಅರ್ಧ ಮೊದಲನೆಯ ನವೀಕರಣದ್ದೇ ಎಂಬುದನ್ನು ಗಮನಿಸಿ. ದೂರದ ವರ್ಷಗಳ ಬಗ್ಗೆ ನಿಮ್ಮ ಊಹೆ ಸ್ವಲ್ಪ ತಪ್ಪಿದರೂ ಉತ್ತರ ಬಹಳ ಅಲುಗಾಡುವುದಿಲ್ಲ.

ಒಂದು ತಟ್ಟೆಯಲ್ಲಿ 33, ಇನ್ನೊಂದರಲ್ಲಿ 95. ನಮ್ಮ ಉದಾಹರಣೆಯವರು ಕ್ಲೇಮು ಮಾಡಬಾರದು. ನಿಜ ಹೇಳಬೇಕೆಂದರೆ ಇಷ್ಟು ದೂರ ಬರುವ ಅಗತ್ಯವೂ ಅವರಿಗಿರಲಿಲ್ಲ. ಮೊದಲ ನವೀಕರಣದ ಅಂತರವಾದ 45 ಒಂದೇ 33ನ್ನು ಮೀರಿಸಿತ್ತು. ಬರುವ ಹಣ ಮುಂದಿನ ವರ್ಷದ ಅಂತರಕ್ಕಿಂತ ಕಡಿಮೆಯಿದ್ದರೆ ಅಲ್ಲಿಯೇ ಲೆಕ್ಕದ ಪುಸ್ತಕವನ್ನು ಮುಚ್ಚಬಹುದು. ಪೂರ್ತಿ ಮೊತ್ತವಾದ 120ನ್ನೂ ಮೀರಿದ್ದರೆ ಕ್ಲೇಮು ಮಾಡುವುದೇ ಸರಿ. ಅಲ್ಲಿಯೂ ಊಹೆಗಳು ಬೇಕಾಗಿಲ್ಲ. ಸಾಧ್ಯತೆ, ಪ್ರೀಮಿಯಂನ ಇಳಿಕೆ ಎಂದೆಲ್ಲ ತಲೆ ಕೆಡಿಸಿಕೊಳ್ಳಬೇಕಾದದ್ದು ಈ ಎರಡರ ನಡುವೆ ಬಿದ್ದ ಬಿಲ್ಲುಗಳಿಗೆ ಮಾತ್ರ. ಇದೇ ಕಾರಿಗೆ, ಇದೇ ರೀತಿಯ ಕೆಲಸಕ್ಕೆ, ಬಿಲ್ಲು ಎಷ್ಟಾದರೆ ತಟ್ಟೆಗಳು ಸಮವಾಗುತ್ತವೆ ಎಂದು ಕೇಳಿದರೆ, ಸುಮಾರು 145 ಪಾಲು, ಅಂದರೆ ಮೂಲ ಪ್ರೀಮಿಯಂನ ಒಂದೂವರೆಯಷ್ಟು. ಒಂದು ವರ್ಷದ ಪ್ರೀಮಿಯಂಗಿಂತ ದೊಡ್ಡದಾದ ಬಿಲ್ಲನ್ನೂ ಕೈಯಿಂದ ಕೊಡುವುದು ಲಾಭವಾಗಬಹುದೆಂಬುದು ಮೊದಲ ಸಲ ಕೇಳಿದವರಿಗೆ ವಿಚಿತ್ರವೆನಿಸುತ್ತದೆ. ಇದರ ಜೊತೆಗೆ ಪ್ರೀಮಿಯಂನ ಮೇಲಿನ ತೆರಿಗೆಯನ್ನೂ ಸೇರಿಸಬೇಕು, ಏಕೆಂದರೆ ರಿಯಾಯಿತಿ ಹೋದಷ್ಟೂ ತೆರಿಗೆಯೂ ಏರುತ್ತದೆ. ಆಗ ನಷ್ಟದ ತಟ್ಟೆ ಇನ್ನಷ್ಟು ಭಾರವಾಗುತ್ತದೆ.

ಹಾಗಾದರೆ ಸಣ್ಣ ಕ್ಲೇಮನ್ನು ಯಾವಾಗಲೂ ಮಾಡಬಾರದೆಂದು ಇದರ ಅರ್ಥವಲ್ಲ. ಅದೇ ಬಂಪರು, ಅದೇ 60 ಪಾಲಿನ ಬಿಲ್ಲು. ಆದರೆ ಕಾರು ಕೊಂಡು ಇನ್ನೂ ಒಂದು ವರ್ಷವಾಗಿಲ್ಲ, ಮಾಲೀಕರು ಹೊಸಬರು, ಯಾವ ರಿಯಾಯಿತಿಯೂ ಇಲ್ಲ, ಪಾಲಿಸಿಯಲ್ಲಿ ಝೀರೋ ಡೆಪ್ ರಕ್ಷಣೆ ಇದೆ. ಸವಕಳಿ ಕಳೆಯುವುದಿಲ್ಲವಾದ್ದರಿಂದ ಬಿಲ್ಲಿನಲ್ಲಿ ಕಡ್ಡಾಯ ಕಡಿತ ಮಾತ್ರ ಹೋಗಿ 50 ಪಾಲು ಬರುತ್ತದೆ. ಅವರ ಅಂತರಗಳು 20, 5, 10, 10, 5. ಮೇಲಿನ ಊಹೆಗಳಂತೆ ಇಳಿಸಿದರೆ ಒಟ್ಟು ಸುಮಾರು 38. ಇವರು ಕ್ಲೇಮು ಮಾಡಬೇಕು. ಒಂದೇ ಕಂಬ, ಒಂದೇ ಬಿಲ್ಲು, ಎರಡು ಬೇರೆ ಬೇರೆ ಉತ್ತರಗಳು. ಪಕ್ಕದ ಮನೆಯವರು ಏನು ಮಾಡಿದರು ಎಂಬುದನ್ನು ಕೇಳಿ ನಿರ್ಧರಿಸುವುದು ಇದಕ್ಕೇ ಉಪಯೋಗಕ್ಕೆ ಬಾರದು. ಏಣಿಯ ಕೆಳಗಿರುವವರಿಗೆ ಕ್ಲೇಮು ಅಗ್ಗ, ಮೇಲಿರುವವರಿಗೆ ದುಬಾರಿ. ಮೇಲಿರುವವರು ಸಣ್ಣ ಹಾನಿಗಳನ್ನು ತಾವೇ ನುಂಗಿಕೊಳ್ಳುವ ಈ ಪ್ರವೃತ್ತಿಗೆ ವಿಮಾ ಗಣಿತಜ್ಞರು ‘ಬೋನಸ್ ಹಸಿವು’ ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ಕಂಪನಿಗಳಿಗೆ ಇದರಿಂದ ಅನುಕೂಲವೇ. ಸಣ್ಣ ಬಿಲ್ಲುಗಳು ಹಾನಿಯನ್ನು ಅಂದಾಜಿಸುವ ಸರ್ವೇಯರರ ಮೇಜಿಗೆ ಬರುವುದು ತಪ್ಪುತ್ತದೆ.

ಎಲ್ಲ ದೇಶಗಳ ಏಣಿಗಳೂ ನಮ್ಮದರಂತೆ ನೆಲಕ್ಕೆ ಬೀಳಿಸುವುದಿಲ್ಲ. ಸಿಂಗಪುರದಲ್ಲಿ ಖಾಸಗಿ ಕಾರುಗಳಿಗೆ ರಿಯಾಯಿತಿ ವರ್ಷಕ್ಕೆ ಹತ್ತರಂತೆ 10ರಿಂದ 50ರವರೆಗೆ ಏರುತ್ತದೆ. 50ರಲ್ಲಿರುವವರು ಒಂದು ಕ್ಲೇಮು ಮಾಡಿದರೆ 20ಕ್ಕೆ ಇಳಿಯುತ್ತಾರೆ, ಸೊನ್ನೆಗಲ್ಲ. ಅಲ್ಲಿಂದ 30, 40, 50 ಎಂದು ಮೂರು ವರ್ಷದಲ್ಲಿ ಮರಳುತ್ತಾರೆ. ಅಂತರಗಳು 30, 20, 10. ಒಟ್ಟು 60 ಪಾಲು. ನಮ್ಮ 125ಕ್ಕೆ ಇದು ಅರ್ಧಕ್ಕಿಂತಲೂ ಕಡಿಮೆ. ಹೊರದೇಶದಲ್ಲಿರುವ ಮಕ್ಕಳೋ ನೆಂಟರೋ ‘ನಾನಂತೂ ಕ್ಲೇಮು ಮಾಡಿದೆ, ಏನೂ ಆಗಲಿಲ್ಲ’ ಎಂದು ಹೇಳಿದರೆ, ಅವರ ಏಣಿ ಯಾವುದೆಂದು ಕೇಳದೆ ಆ ಮಾತನ್ನು ನಮ್ಮ ಕಾರಿಗೆ ಅನ್ವಯಿಸಿಕೊಳ್ಳಬಾರದು.

ಇನ್ನು ಕಾರನ್ನು ಬದಲಿಸುವ ಯೋಚನೆಯಿರುವವರ ವಿಷಯ. ‘ಹೇಗೂ ಈ ಕಾರನ್ನು ಮಾರುತ್ತೇನೆ, ಇದರ ಬೋನಸ್ ಹೋದರೆ ಹೋಗಲಿ’ ಎಂದು ಮಾರುವ ಮುನ್ನ ಎಲ್ಲ ಗೀರುಗಳನ್ನೂ ಕ್ಲೇಮಿನಲ್ಲಿ ಸರಿಮಾಡಿಸುವವರಿದ್ದಾರೆ. ಇದು ನಾನು ಕಂಡ ತಪ್ಪುಗಳಲ್ಲೆಲ್ಲ ದುಬಾರಿಯಾದದ್ದು. ಭಾರತದ ನಿಯಮದಲ್ಲಿ ಬೋನಸ್ ಕಾರಿನದಲ್ಲ, ಮಾಲೀಕರದು. ಕಾರನ್ನು ಮಾರಿದಾಗ ಅದು ಕೊಂಡವರಿಗೆ ಹೋಗುವುದಿಲ್ಲ. ಮಾರಿದವರು ಕಂಪನಿಯಿಂದ ಪತ್ರ ಪಡೆದು, ಮೂರು ವರ್ಷದೊಳಗೆ ತಾವು ಕೊಳ್ಳುವ ಇನ್ನೊಂದು ಕಾರಿಗೆ ಅದನ್ನು ಬಳಸಬಹುದು. ನಮ್ಮ ಉದಾಹರಣೆಯವರು ಹಳೆಯ ಕಾರನ್ನು ಮಾರಿ, ಸ್ವಂತ ಹಾನಿಯ ಮೂಲ ಪ್ರೀಮಿಯಂ 250 ಪಾಲಿರುವ ಹೊಸ ಕಾರನ್ನು ಮುಂದಿನ ನವೀಕರಣದ ಹೊತ್ತಿಗೆ ಕೊಳ್ಳಲಿದ್ದಾರೆ ಎನ್ನೋಣ. ಶೇಕಡಾ 45ರ ರಿಯಾಯಿತಿ ಆ ಕಾರಿನ ಮೇಲೆ ಮೊದಲ ವರ್ಷವೇ 112 ಪಾಲಿಗಿಂತ ಹೆಚ್ಚು. ಹಳೆಯ ಬಂಪರಿಗೆ 33 ಪಾಲು ಪಡೆಯಲು ಹೋಗಿ ಅದನ್ನು ಕೈಬಿಟ್ಟಂತಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಕಾರನ್ನು ಮಾರಿ ಮತ್ತೆ ಕಾರು ಇಟ್ಟುಕೊಳ್ಳುವುದೇ ಇಲ್ಲವೆಂದು ತೀರ್ಮಾನಿಸಿದವರಿಗೆ ಮುಂದಿನ ನವೀಕರಣವೇ ಇಲ್ಲ. ಅವರ ನಷ್ಟದ ತಟ್ಟೆ ಖಾಲಿ, ಕ್ಲೇಮು ಮಾಡಿಕೊಳ್ಳಲಿ.

ಬೋನಸ್‌ಗೆ ರಕ್ಷಣೆ ಕೊಡುವ ಹೆಚ್ಚುವರಿ ಆಯ್ಕೆಯೊಂದನ್ನು ಹಲವು ಕಂಪನಿಗಳು ಮಾರುತ್ತವೆ. ಅದಿದ್ದರೆ ನಿಗದಿತ ಸಂಖ್ಯೆಯ ಕ್ಲೇಮುಗಳವರೆಗೆ ರಿಯಾಯಿತಿ ಉಳಿಯುತ್ತದೆ. ಆಗ ಲೆಕ್ಕವೇ ಬೇರೆಯಾಗುತ್ತದೆ, ಆದರೆ ಎರಡು ಸಂಗತಿಗಳನ್ನು ನೋಡಿಕೊಳ್ಳಬೇಕು. ರಿಯಾಯಿತಿಯ ಶೇಕಡಾವಾರು ಉಳಿದರೂ, ಕ್ಲೇಮಿನ ನಂತರ ಮೂಲ ಪ್ರೀಮಿಯಂ ಏರದೆಂಬ ಭರವಸೆ ಅದರಲ್ಲಿ ಇರುವುದಿಲ್ಲ. ಮತ್ತು ಸಣ್ಣ ಬಂಪರಿಗೆ ಆ ರಕ್ಷಣೆಯನ್ನು ಖರ್ಚು ಮಾಡಿಬಿಟ್ಟರೆ, ಅದೇ ವರ್ಷ ದೊಡ್ಡ ಹಾನಿಯಾದಾಗ ಅದು ಇಲ್ಲದೇ ಹೋಗಬಹುದು.

ಈ ಎಲ್ಲ ಅಂಕಿಗಳನ್ನು ಊಹೆಯಿಂದ ಬಿಡಿಸಿ ನಿಮ್ಮದಾಗಿಸಿಕೊಳ್ಳುವ ಸುಲಭದ ದಾರಿಯೊಂದಿದೆ. ಮುಂದಿನ ವರ್ಷದ ಪ್ರೀಮಿಯಂ ಎಷ್ಟಾಗಬಹುದೆಂದು ವಿಮಾ ಕಂಪನಿಯನ್ನು ಎರಡು ಬಾರಿ ಕೇಳಿ ನೋಡಿ: ಒಮ್ಮೆ ಈ ವರ್ಷ ಕ್ಲೇಮು ಆಗಿಲ್ಲವೆಂದು, ಇನ್ನೊಮ್ಮೆ ಆಗಿದೆಯೆಂದು. ಆ ಎರಡರ ವ್ಯತ್ಯಾಸದಲ್ಲಿ ತೆರಿಗೆ, ಆ ಕಂಪನಿಯ ಬೇರೆ ರಿಯಾಯಿತಿಗಳು, ಕ್ಲೇಮಿನಿಂದ ಮೂಲ ದರದಲ್ಲಾಗುವ ಏರಿಕೆ ಎಲ್ಲವೂ ಸೇರಿರುತ್ತವೆ. ಗ್ಯಾರೇಜಿನಿಂದಲೂ ಎರಡು ಅಂಕಿಗಳನ್ನು ಕೇಳಬೇಕು, ಏಕೆಂದರೆ ಕೈಯಿಂದ ಹಣ ಕೊಡುವುದಾದರೆ ಬಂಪರನ್ನು ಬದಲಿಸದೆ ಬೆಸೆದು ಬಣ್ಣ ಹಚ್ಚುವ ಅಗ್ಗದ ದುರಸ್ತಿಯೂ ಸಾಧ್ಯವಿರಬಹುದು. 60ರ ಬಿಲ್ಲು 35ಕ್ಕೆ ಇಳಿದರೆ ಚರ್ಚೆಯೇ ಉಳಿಯುವುದಿಲ್ಲ. ಆದರೆ ಈ ವಿಚಾರಣೆಯನ್ನು ವಾರಗಟ್ಟಲೆ ಎಳೆಯುವಂತಿಲ್ಲ. ಹಾನಿಯಾದ ಕೂಡಲೇ ಕಂಪನಿಗೆ ತಿಳಿಸಬೇಕೆಂದೂ, ಸರ್ವೇಯರ್ ನೋಡುವ ಮೊದಲು ದುರಸ್ತಿ ಮಾಡಿಸಬಾರದೆಂದೂ ಪಾಲಿಸಿಗಳು ಹೇಳುತ್ತವೆ. ಬಂಪರನ್ನು ಬಿಚ್ಚಿದ ಮೇಲೆ ಒಳಗಿನ ಭಾಗಗಳೂ ಬಾಗಿವೆಯೆಂದು ಗೊತ್ತಾಗಿ ಬಿಲ್ಲು ಮೂರರಷ್ಟಾಗುವುದು ಅಪರೂಪವಲ್ಲ. ಆದ್ದರಿಂದ ‘ಕ್ಯಾಶ್ ಕೊಡುತ್ತೇನೆ’ ಎನ್ನುವ ಮೊದಲು ಒಮ್ಮೆ ಬಿಚ್ಚಿಸಿ, ಒಳಗೆ ನೋಡಿಸಿ, ಆಮೇಲೆ ಮಾತು ಕೊಡುವುದು ಒಳ್ಳೆಯದು.

ಒಂದು ಅಡ್ಡದಾರಿಯ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಸಲಹೆಯಾಗಿ ಕೊಡುವವರಿದ್ದಾರೆ. ಕ್ಲೇಮು ಮಾಡಿಕೊಂಡು, ನವೀಕರಣಕ್ಕೆ ಬೇರೆ ಕಂಪನಿಗೆ ಹೋಗಿ, ಕ್ಲೇಮಿಲ್ಲವೆಂದು ಬರೆದುಕೊಟ್ಟು ಬೋನಸ್ ಪಡೆಯುವುದು. ಆ ಘೋಷಣೆ ಸುಳ್ಳೆಂದು ಕಂಡುಬಂದರೆ ಸ್ವಂತ ಹಾನಿಯ ಭಾಗದ ಎಲ್ಲ ಸೌಲಭ್ಯಗಳೂ ರದ್ದಾಗುತ್ತವೆಂಬ ಷರತ್ತು ಅದೇ ಕಾಗದದಲ್ಲಿದೆ. ಹೊಸ ಕಂಪನಿಯವರು ಹಳೆಯ ಕಂಪನಿಯನ್ನು ವಿಚಾರಿಸುವುದು ಬಹಳ ಸಲ ದೊಡ್ಡ ಕ್ಲೇಮು ಬಂದ ದಿನವೇ. 45 ಪಾಲು ಉಳಿಸಲು ಹೋದವರು ಅಂದು ಕಾರಿನ ಪೂರ್ತಿ ಬೆಲೆಯನ್ನೇ ಪಣಕ್ಕಿಟ್ಟಿರುತ್ತಾರೆ.

ಮಾತು ಮುಗಿಸಿದ ನಂತರ ಸಭೆಯಲ್ಲಿದ್ದ ಹಿರಿಯರೊಬ್ಬರು ಎದ್ದು, ‘ಸ್ವಾಮಿ, ನಾನು ಈ ವರ್ಷ ಆಗಲೇ ಒಂದು ಕ್ಲೇಮು ಮಾಡಿಬಿಟ್ಟಿದ್ದೇನೆ. ಈಗ ಬಾಗಿಲಿಗೂ ಗೀರು ಬಿದ್ದಿದೆ, ಇದನ್ನೇನು ಮಾಡಲಿ?’ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ, ಮತ್ತು ಉತ್ತರ ಏಣಿಯ ಸ್ವಭಾವವನ್ನು ಅವಲಂಬಿಸಿದೆ. ನಮ್ಮ ಏಣಿಯಲ್ಲಿ ಮೊದಲ ಕ್ಲೇಮಿಗೇ ಅವರು ನೆಲಕ್ಕೆ ಬಂದಾಗಿದೆ. ನೆಲಕ್ಕಿಂತ ಕೆಳಗೆ ಮೆಟ್ಟಿಲಿಲ್ಲ. ಅದೇ ಪಾಲಿಸಿ ವರ್ಷದೊಳಗಿನ ಎರಡನೆಯ ಹಾನಿಗೆ ಕಳೆದುಕೊಳ್ಳಲು ಬೋನಸ್ ಉಳಿದಿಲ್ಲವಾದ್ದರಿಂದ, ಸವಕಳಿ ಮತ್ತು ಕಡ್ಡಾಯ ಕಡಿತ ಕಳೆದು ಗಣನೀಯವಾಗಿ ಏನಾದರೂ ಬರುವುದಾದರೆ ಅವರು ಕ್ಲೇಮು ಮಾಡಬಹುದು. ಎರಡು ಬೇರೆ ಘಟನೆಗಳನ್ನು ಒಂದೇ ಎಂದು ಬರೆಯಬಾರದು. ಪ್ರತಿಯೊಂದಕ್ಕೂ ಪ್ರತ್ಯೇಕ ಕಡಿತವಿರುತ್ತದೆ. ಕ್ಲೇಮುಗಳ ಸಂಖ್ಯೆಯನ್ನು ನೋಡಿ ಮೂಲ ದರವನ್ನು ಏರಿಸುವ ಕಂಪನಿಯೇ ಎಂಬುದನ್ನೂ ವಿಚಾರಿಸಿಕೊಳ್ಳಬೇಕು. ಸಿಂಗಪುರದ ಏಣಿಯಲ್ಲಾದರೆ ಉತ್ತರ ತಿರುವುಮುರುವಾಗುತ್ತಿತ್ತು. ಅಲ್ಲಿ ಒಂದು ಕ್ಲೇಮಿಗೆ 20ಕ್ಕೆ ಇಳಿದವರು, ಅದೇ ವರ್ಷದಲ್ಲಿ ಎರಡನೆಯದನ್ನೂ ಮಾಡಿದರೆ ಸೊನ್ನೆಗೆ ಬೀಳುತ್ತಾರೆ. ಅಂತರಗಳು 50, 40, 30, 20, 10 ಆಗಿ ಒಟ್ಟು ನಷ್ಟ 60ರಿಂದ 150ಕ್ಕೆ ಏರುತ್ತದೆ. ಮೊದಲನೆಯ ಕ್ಲೇಮಿಗೆ 60 ಪಾಲು ತೆತ್ತವರಿಗೆ ಎರಡನೆಯದರ ಬೆಲೆ 90 ಪಾಲು. ಅಲ್ಲಿನವರು ಬಾಗಿಲಿನ ಗೀರನ್ನು ಕೈಯಿಂದಲೇ ಸರಿಮಾಡಿಸಿಕೊಳ್ಳುತ್ತಾರೆ.